ಬ್ಯುರೆಟ್ ಬಾಯಿ ಕಣ್ಣಿಗಿಂತ ಕೆಳಗಿರಲಿ

ಕೇಳುಗರಿಗೆ ನಮಸ್ಕಾರ. ಪಿಯುಸಿ ವಿಜ್ಞಾನ ಓದುತ್ತಿರುವ ಮಕ್ಕಳೇ, ಇವತ್ತಿನ ಮಾತು ನಿಮ್ಮ ಜೊತೆ. ರೆಕಾರ್ಡ್ ಪುಸ್ತಕ ಹತ್ತಿರದಲ್ಲಿದ್ದರೆ ಆಮ್ಲ-ಪ್ರತ್ಯಾಮ್ಲ ಟೈಟ್ರೇಷನ್ ಪುಟ ತೆಗೆಯಿರಿ. ಮುನ್ನೆಚ್ಚರಿಕೆ ಅಂತ ಇರುವ ಕಡೆ ಏನು ಬರೆದಿದ್ದೀರಿ? "ರಾಸಾಯನಿಕಗಳನ್ನು ಎಚ್ಚರಿಕೆಯಿಂದ ಬಳಸಬೇಕು." ಹೌದಲ್ವಾ? ಎಷ್ಟೋ ವರ್ಷಗಳಿಂದ ಇದೇ ಸಾಲನ್ನು ಓದುತ್ತಾ ಬಂದಿದ್ದೇನೆ. ಅದರಲ್ಲಿ ಕೈ ಏನು ಮಾಡಬೇಕು ಅನ್ನುವುದೇ ಇಲ್ಲ. ನಾನು ಹೇಳುವುದು ಇಷ್ಟೇ: ಕೈ ಏನು ಮಾಡಬೇಕೋ ಅದನ್ನು ಬರೆಯಿರಿ.

ಒಂದು ಘಟನೆ ಹೇಳುತ್ತೇನೆ. ನಮ್ಮ ಲ್ಯಾಬಿನಲ್ಲಿ ಒಬ್ಬಳು ಹುಡುಗಿ ಬ್ಯುರೆಟ್ಟಿಗೆ ಸೋಡಿಯಂ ಹೈಡ್ರಾಕ್ಸೈಡ್ ತುಂಬುತ್ತಿದ್ದಳು. 0.1 ಮೋಲಾರ್ ದ್ರಾವಣ, ತೆಳುವಾದದ್ದೇ. ಸ್ಟ್ಯಾಂಡು ಮೇಜಿನ ಮೇಲಿತ್ತು, ಬ್ಯುರೆಟ್ಟಿನ ಬಾಯಿ ಅವಳ ತಲೆಗಿಂತ ಮೇಲೆ. ತುದಿಗಾಲಲ್ಲಿ ನಿಂತು, ಮುಖ ಎತ್ತಿ ಸುರಿಯುತ್ತಿದ್ದಳು. ಫನಲ್ ಬ್ಯುರೆಟ್ಟಿನ ಬಾಯಿಗೆ ಬಿಗಿಯಾಗಿ ಕೂತಿತ್ತು. ಒಳಗಿನ ಗಾಳಿ ಹೊರಗೆ ಬರಲು ದಾರಿಯಿಲ್ಲ. ದ್ರಾವಣ ಫನಲ್ಲಿನಲ್ಲೇ ನಿಂತಿತು. ಇನ್ನೂ ಇಳಿದಿಲ್ಲ ಅಂತ ಅವಳು ಮತ್ತಷ್ಟು ಸುರಿದಳು. ಒಂದು ಗುಳ್ಳೆ ಬುಳಕ್ ಅಂತ ಎದ್ದಿತು, ದ್ರಾವಣ ಉಕ್ಕಿ ನೇರ ಅವಳ ಕಣ್ಣಿಗೆ ಬಿತ್ತು. ಕನ್ನಡಕ ಹಾಕಿರಲಿಲ್ಲ.

ಪಕ್ಕದ ಹುಡುಗ ಓಡಿಹೋಗಿ ಬೋರಿಕ್ ಆಮ್ಲದ ಬಾಟಲಿ ತಂದ. ಪ್ರತ್ಯಾಮ್ಲ ಬಿದ್ದಿದೆ, ಆಮ್ಲ ಹಾಕಿದರೆ ಸರಿಹೋಗುತ್ತೆ ಅಂತ ಅವನ ಲೆಕ್ಕ. ಬೇಡವೇ ಬೇಡ! ಕಣ್ಣು ಕೋನಿಕಲ್ ಫ್ಲಾಸ್ಕ್ ಅಲ್ಲ. ಕಣ್ಣಿಗೆ ನೀರು, ಬರೀ ನೀರು. ನಲ್ಲಿಯ ಕೆಳಗೆ ಅವಳ ತಲೆ ಬಾಗಿಸಿ, ರೆಪ್ಪೆ ಬೆರಳಲ್ಲಿ ಬಿಡಿಸಿ ಹಿಡಿದು, ಗಡಿಯಾರ ನೋಡಿಕೊಂಡು 20 ನಿಮಿಷ ತೊಳೆದೆವು. ಐದು ನಿಮಿಷಕ್ಕೇ "ಉರಿ ಕಮ್ಮಿಯಾಯ್ತು, ಸಾಕು ಸರ್" ಅಂದಳು. ನಾನು ಬಿಡಲಿಲ್ಲ. ಪ್ರತ್ಯಾಮ್ಲ ಕಣ್ಣಿನ ಮೇಲ್ಪದರದ ಕೊಬ್ಬನ್ನು ಸೋಪಿನಂತೆ ಕರಗಿಸಿ ಒಳಕ್ಕೆ ಇಳಿಯುತ್ತದೆ. ಉರಿ ಕಮ್ಮಿಯಾದರೂ ಅದರ ಕೆಲಸ ನಿಂತಿರುವುದಿಲ್ಲ. ಆಮೇಲೆ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಮೂರು ದಿನ ಕಣ್ಣು ಕೆಂಪಗಿತ್ತು, ನಂತರ ಸರಿಹೋಯಿತು.

ಸಂಜೆ ಅವಳ ರೆಕಾರ್ಡ್ ತೆರೆದೆ. "ಎಚ್ಚರಿಕೆಯಿಂದ ಬಳಸಬೇಕು" ಅಂತ ದುಂಡಗೆ ಬರೆದಿದ್ದಳು. ಕೆಳಗೆ ನನ್ನದೇ ಕೆಂಪು ಸಹಿ. ಅದನ್ನು ಹೊಡೆದುಹಾಕಿ ಅವಳ ಕೈಯಲ್ಲೇ ಹೊಸದಾಗಿ ಬರೆಸಿದೆ. ನೀವೂ ಕೇಳಿ: "0.1 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್ ಕಣ್ಣಿಗೆ ಹಾನಿ ಮಾಡುತ್ತದೆ. ಬಾಟಲಿ ತೆರೆಯುವ ಮೊದಲೇ ಸುರಕ್ಷಾ ಕನ್ನಡಕ ಹಾಕಿದೆ. ಬ್ಯುರೆಟ್ಟಿನ ಬಾಯಿ ಕಣ್ಣಿಗಿಂತ ಕೆಳಗೆ ಬರುವ ಹಾಗೆ ಸ್ಟ್ಯಾಂಡನ್ನು ಸ್ಟೂಲಿನ ಮೇಲೆ ಇಳಿಸಿದೆ. ಫನಲ್ಲನ್ನು ಸ್ವಲ್ಪ ಎತ್ತಿ ಹಿಡಿದು ತುಂಬಿದೆ, ತುಂಬಿದ ಮೇಲೆ ತೆಗೆದಿಟ್ಟೆ. ಕಣ್ಣಿಗೆ ಬಿದ್ದರೆ 20 ನಿಮಿಷ ನೀರಿನಲ್ಲಿ ತೊಳೆದು ವೈದ್ಯರ ಬಳಿ ಹೋಗಬೇಕು." ಯಾವ ವಸ್ತು, ಎಷ್ಟು ಗಾಢ, ಏನು ಮಾಡುತ್ತೆ, ಕೈ ಏನು ಮಾಡಬೇಕು. ಎಲ್ಲ ಬಂತು, ನೋಡಿ.

ಸಮಯ ಓಡುತ್ತಿದೆ, ತ್ಯಾಜ್ಯದ ವಿಷಯ ಬೇಗ ಹೇಳುತ್ತೇನೆ. "ತ್ಯಾಜ್ಯವನ್ನು ಸರಿಯಾಗಿ ವಿಲೇವಾರಿ ಮಾಡಬೇಕು" ಅಂತ ದಯವಿಟ್ಟು ಬರೆಯಬೇಡಿ. ಕೈ ಏನು ಮಾಡಬೇಕು?

ಲೆಕ್ಕ ಹಾಕೋಣ. ಹೈಡ್ರೋಕ್ಲೋರಿಕ್ ಆಮ್ಲವೂ 0.1 ಮೋಲಾರ್, 100 ಮಿಲಿ ತಂದಿದ್ದೀರಿ. ಮೂರು ಸಲ 10 ಮಿಲಿ ತೆಗೆದಿರಿ, 70 ಉಳಿಯಿತು. ಬ್ಯುರೆಟ್ಟಿನಲ್ಲಿ ಪ್ರತ್ಯಾಮ್ಲ 20 ಮಿಲಿ ಉಳಿದಿದೆ. ಇವನ್ನು ಮತ್ತೆ ಬಾಟಲಿಗೆ ಸುರಿಯಬೇಡಿ, ಮುಂದಿನವರ ದ್ರಾವಣ ಕೆಡುತ್ತದೆ. ದೊಡ್ಡ ಬೀಕರಿನಲ್ಲಿ ಎರಡನ್ನೂ ಸೇರಿಸಿ. ಆಗಲೂ 50 ಮಿಲಿಯಷ್ಟು ಆಮ್ಲ ಮಿಕ್ಕಿರುತ್ತದೆ. ಅದಕ್ಕೆ ಅಡುಗೆ ಸೋಡಾ ಅರ್ಧ ಗ್ರಾಂ ಸಾಕು. ಚಿಟಿಕೆ ಚಿಟಿಕೆಯಾಗಿ ಹಾಕಿ, ಬುರುಗು ಬರುವುದು ನಿಲ್ಲುವವರೆಗೆ.

ಇಲ್ಲೊಂದು ಮೋಸವಿದೆ. ಫಿನಾಲ್ಫ್ತಲೀನ್ ಬಣ್ಣವಿಲ್ಲದೆ ಇದ್ದರೆ ತಟಸ್ಥವಾಗಿದೆ ಅಂತ ಮಕ್ಕಳು ಸುರಿದುಬಿಡುತ್ತಾರೆ. ಪೂರ್ತಿ ಆಮ್ಲವಿದ್ದರೂ ಅದಕ್ಕೆ ಬಣ್ಣ ಬರುವುದಿಲ್ಲವಲ್ಲ! ಆದ್ದರಿಂದ ಪಿಎಚ್ ಕಾಗದ ಅದ್ದಿ ನೋಡಿ. 6 ರಿಂದ 9ರ ಒಳಗೆ ಬಂದರೆ ಅದು ಬರೀ ಉಪ್ಪುನೀರು, ನಲ್ಲಿ ಬಿಟ್ಟುಕೊಂಡು ಸಿಂಕಿಗೆ ಸುರಿಯಿರಿ. ಆ ಕಾಗದ ತೋರಿಸಿದ ಅಂಕಿಯನ್ನು ರೆಕಾರ್ಡಿನಲ್ಲಿ ಬರೆಯಿರಿ. ಸಹಿ ಹಾಕುವ ಮೊದಲು ನಾನು ಹುಡುಕುವುದು ಆ ಅಂಕಿಯನ್ನೇ. ನಮಸ್ಕಾರ.