ತೊಡೆಯ ಒಂದು ಗಾಯ, ಇನ್ನೂರು ವರ್ಷಗಳ ದಾರಿ

ಸಭಿಕರೆ,

ಯುದ್ಧಭೂಮಿಯ ವೈದ್ಯಕೀಯದ ಎರಡು ಶತಮಾನಗಳನ್ನು ಒಂದೇ ಉಪನ್ಯಾಸದಲ್ಲಿ ಹೇಳಹೊರಟರೆ ಹೆಸರುಗಳ ಪಟ್ಟಿ ಮಾತ್ರ ಉಳಿದೀತು. ಆದ್ದರಿಂದ ನಾನು ಒಂದೇ ಒಂದು ಗಾಯದ ಜಾಡು ಹಿಡಿದು ಹೋಗುತ್ತೇನೆ. ಗುಂಡೋ ಸಿಡಿತಲೆಯ ಚೂರೋ ತೊಡೆಯನ್ನು ಹೊಕ್ಕು ಮೂಳೆಯನ್ನು ಮುರಿದ, ಇಲ್ಲವೇ ಅಲ್ಲಿಯ ದೊಡ್ಡ ಅಪಧಮನಿಯನ್ನು ಹರಿದ ಗಾಯ ಅದು. ಅಪಧಮನಿ ಹರಿದರೆ ಕೆಲವೇ ನಿಮಿಷಗಳಲ್ಲಿ ಸಾವು ಬರಬಹುದು. ಮೂಳೆ ಮಾತ್ರ ಮುರಿದರೂ ಒಂದು ಲೀಟರಿಗೂ ಹೆಚ್ಚು ರಕ್ತ ಹೊರಗೆ ಕಾಣಿಸಿಕೊಳ್ಳದೆ ಸ್ನಾಯುಗಳ ನಡುವೆ ಸೋರಿಹೋಗಬಲ್ಲದು. ಇಂಥ ಗಾಯಾಳುವನ್ನು ಯಾವ ಗುಂಪಿಗೆ ಸೇರಿಸಬೇಕು, ಅವನಿಗೆ ಏನು ಮಾಡಬೇಕು ಎಂಬುದನ್ನು ಪ್ರತಿ ಕಾಲದಲ್ಲೂ ನಿರ್ಧರಿಸಿದ್ದು ಗಾಯದ ಸ್ವರೂಪವೊಂದೇ ಅಲ್ಲ. ಅವನಿಗೂ ಶಸ್ತ್ರವೈದ್ಯನಿಗೂ ನಡುವೆ ಇದ್ದ ದಾರಿಯೂ ಅಷ್ಟೇ ನಿರ್ಧರಿಸಿತು.

1792ರಲ್ಲಿ ಫ್ರೆಂಚರ ರೈನ್ ಸೇನೆಯಲ್ಲಿ ಶಸ್ತ್ರವೈದ್ಯನಾಗಿದ್ದ ಡೊಮಿನಿಕ್ ಜೀನ್ ಲಾರೇ ಕಂಡದ್ದು ಈ ದಾರಿಯ ತೊಂದರೆಯನ್ನೇ. ಆಗಿನ ನಿಯಮದ ಪ್ರಕಾರ ಚಿಕಿತ್ಸೆಯ ಗಾಡಿಗಳು ಸೇನೆಯ ಹಿಂದೆ ಕೆಲವು ಕಿಲೋಮೀಟರ್ ದೂರದಲ್ಲಿ ನಿಲ್ಲಬೇಕಿತ್ತು. ಯುದ್ಧ ಮುಗಿಯುವ ತನಕ ಗಾಯಾಳುಗಳು ಬಿದ್ದಲ್ಲೇ ಬಿದ್ದಿರುತ್ತಿದ್ದರು. ಕುದುರೆಗಳು ಎಳೆಯುವ ಹಗುರ ಫಿರಂಗಿಗಳು ರಣರಂಗದಲ್ಲಿ ಓಡಾಡುವ ವೇಗವನ್ನು ನೋಡಿದ ಲಾರೇ, ಅದೇ ಮಾದರಿಯಲ್ಲಿ ಹಗುರವಾದ 'ಹಾರುವ ಆಂಬುಲೆನ್ಸ್' ಗಾಡಿಗಳನ್ನು ರೂಪಿಸಿದ. ಮೊದಲು ಯಾರನ್ನು ನೋಡಬೇಕು ಎಂಬ ಪ್ರಶ್ನೆಗೂ ಅವನು ಸ್ಪಷ್ಟ ಉತ್ತರ ಕೊಟ್ಟ: ಹುದ್ದೆಯನ್ನು ಲೆಕ್ಕಿಸದೆ, ಅಪಾಯಕಾರಿಯಾಗಿ ಗಾಯಗೊಂಡವರನ್ನು ಮೊದಲು ನೋಡಬೇಕು, ಸಣ್ಣ ಗಾಯದವರು ಕಾಯಬೇಕು. ಮೂಳೆ ಪುಡಿಯಾದ ಕಾಲನ್ನು ಮೊದಲ 24 ಗಂಟೆಗಳ ಒಳಗೆ ಕತ್ತರಿಸಬೇಕು ಎಂಬುದು ಅವನ ನಿಲುವು. ಇಂದಿನ ಕಣ್ಣಿಗೆ ಅದು ಕ್ರೂರವೆನಿಸಬಹುದು. ಆದರೆ ಸೋಂಕಿಗೆ ಮದ್ದಿಲ್ಲದ ಕಾಲದಲ್ಲಿ, ಮುರಿದ ಮೂಳೆಯ ಚೂಪು ತುದಿಗಳು ಗಾಡಿಯ ಒಂದೊಂದು ಕುಲುಕಿಗೂ ಮಾಂಸವನ್ನು ಹರಿಯುತ್ತಿದ್ದಾಗ, ಕತ್ತರಿಸಿದ ಕಾಲಿನವನೇ ಆ ಪ್ರಯಾಣವನ್ನು ತಾಳಿಕೊಳ್ಳುವ ಸಾಧ್ಯತೆ ಹೆಚ್ಚಾಗಿತ್ತು.

ಗಾಡಿಯಿದ್ದರೆ ಸಾಲದು, ಅದು ಯಾರ ಅಧೀನದಲ್ಲಿದೆ ಎಂಬುದೂ ಮುಖ್ಯ ಎಂದು ತೋರಿಸಿದ್ದು ಅಮೆರಿಕದ ಅಂತರ್ಯುದ್ಧ. 1862ರ ಆಗಸ್ಟಿನಲ್ಲಿ ಬುಲ್ ರನ್‌ನ ಎರಡನೆಯ ಕಾಳಗ ನಡೆದಾಗ ಬಾಡಿಗೆಯ ಗಾಡಿಕಾರರು ಓಡಿಹೋದರು, ಎಷ್ಟೋ ಗಾಯಾಳುಗಳು ದಿನಗಟ್ಟಲೆ ಬಯಲಿನಲ್ಲೇ ಬಿದ್ದಿದ್ದರು. ಆದರೆ ಉತ್ತರದವರ ಪೊಟೊಮ್ಯಾಕ್ ಸೇನೆಯಲ್ಲಿ ಅದರ ಮುಖ್ಯ ವೈದ್ಯಾಧಿಕಾರಿ ಜೊನಾಥನ್ ಲೆಟರ್‌ಮನ್ ಆಂಬುಲೆನ್ಸುಗಳನ್ನೂ ಅವುಗಳಿಗೆಂದೇ ತರಬೇತಾದ ಸಿಬ್ಬಂದಿಯನ್ನೂ ವೈದ್ಯಾಧಿಕಾರಿಗಳ ಆಜ್ಞೆಯ ಅಡಿಗೆ ತಂದಿದ್ದ. ಸೆಪ್ಟೆಂಬರ್ 17ರ ಆಂಟೀಟಮ್ ಕಾಳಗದ ನಂತರ ಆ ಸೇನೆಯ ಗಾಯಾಳುಗಳನ್ನು ಬಹುಮಟ್ಟಿಗೆ ಒಂದು ದಿನದೊಳಗೇ ಬಯಲಿನಿಂದ ಎತ್ತಲಾಯಿತು.

ನಮ್ಮ ಗಾಯದ ಕಥೆ ನಿಜವಾಗಿ ತಿರುಗಿದ್ದು ಮೊದಲ ಮಹಾಯುದ್ಧದಲ್ಲಿ. 'ಟ್ರಯಾಜ್' ಎಂಬ ಪದ ಸೇನಾ ವೈದ್ಯರ ನಾಲಗೆಯಲ್ಲಿ ನೆಲೆಗೊಂಡದ್ದೂ ಆಗಲೇ. ಫ್ರೆಂಚಿನಲ್ಲಿ ಅದಕ್ಕೆ ಆರಿಸಿ ಬೇರ್ಪಡಿಸುವುದು ಎಂದರ್ಥ. ಬ್ರಿಟಿಷ್ ಸೇನೆಯಲ್ಲಿ ಗಾಯಾಳು ಮುಂಚೂಣಿಯ ಚಿಕಿತ್ಸಾ ನೆಲೆಯಿಂದ ಸ್ಟ್ರೆಚರಿನ ಮೇಲೆ ಹೊರಟು, ಹಲವು ಹಂತಗಳನ್ನು ದಾಟಿ, ಶಸ್ತ್ರಚಿಕಿತ್ಸೆ ನಡೆಯುವ ಕ್ಯಾಶುವಾಲ್ಟಿ ಕ್ಲಿಯರಿಂಗ್ ಸ್ಟೇಷನ್ ಸೇರುತ್ತಿದ್ದ. ತೊಡೆಮೂಳೆ ಮುರಿದವನು ಅಲ್ಲಿಗೆ ತಲುಪುವಷ್ಟರಲ್ಲಿ ಬಿಳಿಚಿಕೊಂಡು, ಮೈ ತಣ್ಣಗಾಗಿ, ನಾಡಿ ಕೈಗೆ ಸಿಗದ ಸ್ಥಿತಿಯಲ್ಲಿರುತ್ತಿದ್ದ. ಅಂಥವನಿಗೆ ಆ ಕ್ಷಣ ಶಸ್ತ್ರಚಿಕಿತ್ಸೆ ಮಾಡುವಂತಿರಲಿಲ್ಲ. 1916ರ ಹೊತ್ತಿಗೆ ಈ ಗಾಯದವರಲ್ಲಿ ಶೇಕಡ 80ರಷ್ಟು ಮಂದಿ ಸಾಯುತ್ತಿದ್ದರೆಂದು ಅಂದಿನ ವೈದ್ಯರು ಅಂದಾಜು ಮಾಡಿದ್ದರು.

ಇದಕ್ಕೆ ದೊರೆತ ಪರಿಹಾರ ಬಹಳ ಸರಳವಾದ ಒಂದು ಸಲಕರಣೆ. ಹ್ಯೂ ಓವನ್ ಥಾಮಸ್ ಎಂಬ ಮೂಳೆವೈದ್ಯ 19ನೆಯ ಶತಮಾನದಲ್ಲೇ ರೂಪಿಸಿದ್ದ ಸ್ಪ್ಲಿಂಟ್ ಅದು. ಅವನ ಹೆಂಡತಿಯ ಸೋದರಳಿಯ ರಾಬರ್ಟ್ ಜೋನ್ಸ್ ಅದನ್ನು ಸೇನೆಗೆ ತಂದ. ತೊಡೆಯ ಬುಡಕ್ಕೆ ಆತುಕೊಳ್ಳುವ ಒಂದು ಬಳೆ, ಕಾಲಿನ ಎರಡೂ ಬದಿಗೆ ಪಾದದಾಚೆಗೂ ಚಾಚಿದ ಕಬ್ಬಿಣದ ಸರಳು, ಪಾದವನ್ನು ಆ ತುದಿಗೆ ಎಳೆದು ಕಟ್ಟುವ ಪಟ್ಟಿ, ಇಷ್ಟೇ. ಮೂಳೆ ಮುರಿದೊಡನೆ ತೊಡೆಯ ಬಲವಾದ ಸ್ನಾಯುಗಳು ಕುಗ್ಗಿ, ತುಂಡುಗಳು ಒಂದರ ಮೇಲೊಂದು ಜಾರಿ, ತೊಡೆ ಗಿಡ್ಡವಾಗಿ ಉಬ್ಬುತ್ತದೆ. ಹಾಗೆ ಉಬ್ಬಿದ ತೊಡೆಯಲ್ಲಿ ರಕ್ತ ಸೇರಲು ಜಾಗ ಹೆಚ್ಚು. ಕಾಲನ್ನು ಉದ್ದಕ್ಕೆ ಎಳೆದು ಹಿಡಿದರೆ ಆ ಜಾಗ ಕುಗ್ಗುತ್ತದೆ, ಮೂಳೆಯ ತುದಿಗಳು ಅಲುಗುವುದು ನಿಲ್ಲುತ್ತದೆ, ನೋವೂ ತಗ್ಗುತ್ತದೆ. ಬೂಟು, ಷರಾಯಿ ಏನನ್ನೂ ಬಿಚ್ಚದೆ, ಕತ್ತಲಲ್ಲೂ ತಡವರಿಸದೆ ಸ್ಪ್ಲಿಂಟನ್ನು ಕಟ್ಟುವಂತೆ ಸ್ಟ್ರೆಚರ್ ಹೊರುವವರಿಗೆ ಕವಾಯತಿನ ಹಾಗೆ ಅಭ್ಯಾಸ ಮಾಡಿಸಲಾಯಿತು.

1917ರಲ್ಲಿ ಫ್ರಾನ್ಸಿನ ಅರಾಸ್ ಕಾಳಗದಲ್ಲಿ ಬ್ರಿಟಿಷ್ ಸೇನೆಯ ಶಸ್ತ್ರವೈದ್ಯ ಹೆನ್ರಿ ಗ್ರೇ ದಾಖಲಿಸಿದ 1,009 ತೊಡೆಮೂಳೆ ಮುರಿತಗಳಲ್ಲಿ ಸಾವಿನ ಪ್ರಮಾಣ ಶೇಕಡ 15.6. ಹಳೆಯ 80 ಒಂದು ಅಂದಾಜು, ಹೊಸತು ಒಂದು ಎಣಿಕೆ. ಆ ವೇಳೆಗೆ ಶಸ್ತ್ರಚಿಕಿತ್ಸೆಯೂ ಸುಧಾರಿಸಿತ್ತು. ಹಾಗಾಗಿ ಇಳಿಕೆಯಷ್ಟನ್ನೂ ಸ್ಪ್ಲಿಂಟಿನ ಲೆಕ್ಕಕ್ಕೆ ಬರೆಯುವುದು ತಪ್ಪೆಂದೇ ನನ್ನ ಅಭಿಪ್ರಾಯ. ಆದರೂ ವಿಂಗಡಣೆಯ ದೃಷ್ಟಿಯಿಂದ ನಡೆದ ಬದಲಾವಣೆ ದೊಡ್ಡದು. ಮೊದಲು ಉಳಿಯುವ ಆಸೆಯಿಲ್ಲದವರ ಸಾಲಿಗೆ ಬೀಳುತ್ತಿದ್ದವನು ಈಗ ಶಸ್ತ್ರಚಿಕಿತ್ಸೆ ತಾಳಬಲ್ಲವರ ಸಾಲಿಗೆ ಬಂದ. ಅವನನ್ನು ಅಲ್ಲಿಗೆ ತಂದದ್ದು ಸಾಗಣೆ ಶುರುವಾಗುವ ಮುನ್ನ ಬಿದ್ದ ಕಟ್ಟು.

ಅಪಧಮನಿ ಹರಿದವನ ಪಾಡು ಸುಧಾರಿಸಲು ಇನ್ನೂ ಮೂರು ದಶಕ ಬೇಕಾಯಿತು. ಎರಡನೆಯ ಮಹಾಯುದ್ಧದಲ್ಲಿ ಹರಿದ ರಕ್ತನಾಳವನ್ನು ಕಟ್ಟಿಬಿಡುವುದೇ ರೂಢಿಯಾಗಿತ್ತು. ಅಮೆರಿಕನ್ ಸೇನೆಯ ದಾಖಲೆಗಳಲ್ಲಿ ಅಂಥವರಲ್ಲಿ ಸುಮಾರು ಅರ್ಧದಷ್ಟು ಮಂದಿ ಅಂಗ ಕಳೆದುಕೊಂಡರು. ಕೊರಿಯಾ ಯುದ್ಧದಲ್ಲಿ ಹೊರಬದಿಗೆ ಎರಡು ಸ್ಟ್ರೆಚರ್ ಕಟ್ಟಿಕೊಂಡ ಪುಟ್ಟ ಹೆಲಿಕಾಪ್ಟರುಗಳು ಗಾಯಾಳುಗಳನ್ನು ಮುಂಚೂಣಿಗೆ ಸಮೀಪದ ಶಸ್ತ್ರಚಿಕಿತ್ಸಾ ಆಸ್ಪತ್ರೆಗಳಿಗೆ ತಂದಿಳಿಸತೊಡಗಿದವು. ರಕ್ತ ಹರಿಯದ ಕಾಲು ಸಾಯಲು ಸುಮಾರು ಆರು ಗಂಟೆ ಸಾಕು. ಅದಕ್ಕೂ ಮುಂಚೆ ತಲುಪುವವರು ಹೆಚ್ಚಿದ್ದರಿಂದ ನಾಳವನ್ನು ಹೊಲಿಯಲು ಅವಕಾಶ ದೊರೆಯಿತು, ಅಂಗ ಕಳೆದುಕೊಳ್ಳುವವರ ಪ್ರಮಾಣ ಶೇಕಡ 13ರ ಆಸುಪಾಸಿಗೆ ಇಳಿಯಿತು.

ಹೆಲಿಕಾಪ್ಟರ್ ಬರುವವರೆಗಿನ ನಿಮಿಷಗಳಿಗೆ ಬೇಕಾಗಿದ್ದದ್ದು ಟೂರ್ನಿಕೆಟ್, ಅಂದರೆ ತೊಡೆಯನ್ನು ಸುತ್ತಿ ಬಿಗಿದು ರಕ್ತ ನಿಲ್ಲಿಸುವ ಪಟ್ಟಿ. ಅದು ಹಳೆಯ ಸಲಕರಣೆಯೇ. ಸಾಗಣೆ ತಡವಾಗುತ್ತಿದ್ದ ಕಾಲದಲ್ಲಿ ಕಾಲನ್ನು ಕೊಲ್ಲುವ ಸಲಕರಣೆ ಎಂಬ ಕೆಟ್ಟ ಹೆಸರು ಅದಕ್ಕೆ ಬಂದಿತ್ತು, ಕೊನೆಯ ಉಪಾಯವಾಗಿ ಮಾತ್ರ ಬಳಸಬೇಕೆಂದು ಕಲಿಸಲಾಗುತ್ತಿತ್ತು. ಸಾಗಣೆ ವೇಗವಾದ ಮೇಲೂ ಪಾಠ ಬದಲಾಗದೆ ಉಳಿದದ್ದರಿಂದ ವಿಯೆಟ್ನಾಂನಲ್ಲಿ ಸಾವಿರಾರು ಸೈನಿಕರು ಕೈಕಾಲುಗಳ ರಕ್ತಸ್ರಾವದಿಂದಲೇ ಸತ್ತರು. 1996ರಲ್ಲಿ ಅಮೆರಿಕದ ಸೇನಾ ವೈದ್ಯರು ಪ್ರಕಟಿಸಿದ ಹೊಸ ಮಾರ್ಗಸೂಚಿ, ಗುಂಡು ಹಾರುತ್ತಿರುವಾಗಲೇ ಮೊದಲು ಟೂರ್ನಿಕೆಟ್ ಬಿಗಿಯಿರಿ ಎಂದಿತು. 2006ರಲ್ಲಿ ಬಾಗ್ದಾದಿನ ಒಂದು ಸೇನಾ ಆಸ್ಪತ್ರೆಯಲ್ಲಿ ಆರಂಭವಾದ ಅಧ್ಯಯನ ಇದರ ಫಲವನ್ನು ಅಳೆಯಿತು: ರಕ್ತನಷ್ಟದಿಂದ ಆಘಾತಸ್ಥಿತಿಗೆ ಜಾರುವ ಮುನ್ನ ಪಟ್ಟಿ ಬಿಗಿಸಿಕೊಂಡವರಲ್ಲಿ ಶೇಕಡ 90 ಮಂದಿ ಬದುಕಿದರು, ಜಾರಿದ ಮೇಲೆ ಬಿಗಿಸಿಕೊಂಡವರಲ್ಲಿ ಶೇಕಡ 10 ಮಾತ್ರ.

ಇದಕ್ಕೂ ಮಿತಿಗಳಿವೆ. ತೊಡೆಸಂದಿಯಲ್ಲೇ ಗಾಯವಾದರೆ ಪಟ್ಟಿ ಸುತ್ತಲು ಜಾಗವಿಲ್ಲ. ಅಲ್ಲಿ ರಕ್ತ ಹೆಪ್ಪುಗಟ್ಟಿಸುವ ಬಟ್ಟೆಯನ್ನು ಗಾಯದೊಳಕ್ಕೆ ತುರುಕಿ ಅದುಮಿ ಹಿಡಿಯಬೇಕು. ಸಡಿಲವಾದ ಪಟ್ಟಿ ಇನ್ನೂ ಅಪಾಯಕಾರಿ. ಅದು ಅಭಿಧಮನಿಯನ್ನು ಮಾತ್ರ ಒತ್ತಿ ರಕ್ತ ಹಿಂದಿರುಗದಂತೆ ತಡೆಯುತ್ತದೆ, ಅಪಧಮನಿಯಿಂದ ರಕ್ತ ಸುರಿಯುತ್ತಲೇ ಇರುತ್ತದೆ. ಆದ್ದರಿಂದ ಪಾದದ ನಾಡಿ ಪೂರ್ತಿ ನಿಂತಿದೆಯೇ ಎಂದು ನೋಡಬೇಕು, ಗಾಯಾಳುವನ್ನು ಎತ್ತಿ ಇಳಿಸಿದಾಗಲೆಲ್ಲ ಹೊದಿಕೆ ಸರಿಸಿ ಮತ್ತೆ ನೋಡಬೇಕು. ಮೊದಲ ಸಲ ಕಾಯಬಲ್ಲವನೆಂದು ಗುರುತಿಸಿದವನು ವಾಹನದಲ್ಲಿ ಪಟ್ಟಿ ಜಾರಿ ತುರ್ತಿನವನಾಗಿಬಿಟ್ಟಿರಬಹುದು. ವಿಂಗಡಣೆಯನ್ನು ಪ್ರತಿ ಹಂತದಲ್ಲೂ ಹೊಸದಾಗಿ ಮಾಡುವುದು ಈ ಕಾರಣಕ್ಕೆ.

2009ರಲ್ಲಿ ಅಮೆರಿಕದ ರಕ್ಷಣಾ ಕಾರ್ಯದರ್ಶಿ ರಾಬರ್ಟ್ ಗೇಟ್ಸ್, ಅಫ್ಘಾನಿಸ್ತಾನದಲ್ಲಿ ತೀವ್ರ ಗಾಯಾಳುಗಳನ್ನು 60 ನಿಮಿಷದೊಳಗೆ ಆಸ್ಪತ್ರೆಗೆ ಸೇರಿಸಬೇಕೆಂದು ಆಜ್ಞೆ ಮಾಡಿದರು. ಸಾಗಣೆಗೆ ಹಿಡಿಯುತ್ತಿದ್ದ ಮಧ್ಯಮ ಸಮಯ 90 ನಿಮಿಷದಿಂದ 43 ನಿಮಿಷಕ್ಕೆ ಇಳಿಯಿತು. ಆದರೆ ಆ ವೇಗ ಆಕಾಶ ತಮ್ಮ ಕೈಯಲ್ಲಿದ್ದವರದು. 2022ರ ನಂತರ ಉಕ್ರೇನಿನಲ್ಲಿ ಹೆಲಿಕಾಪ್ಟರ್ ಮುಂಚೂಣಿಗೆ ಹೋಗಲಾರದು, ಆಂಬುಲೆನ್ಸನ್ನು ಡ್ರೋನ್ ಬೆನ್ನಟ್ಟುತ್ತದೆ, ಗಾಯಾಳು ಕತ್ತಲಾಗುವ ತನಕ ಕಂದಕದಲ್ಲೇ ಕಾಯುತ್ತಾನೆ. ಎರಡು ಗಂಟೆಯೊಳಗೆ ಪಟ್ಟಿಯನ್ನು ಮೆಲ್ಲನೆ ಸಡಿಲಿಸಿ, ರಕ್ತ ಒಸರದಿದ್ದರೆ ಬಿಗಿಯಾದ ಬ್ಯಾಂಡೇಜಿಗೆ ಬದಲಿಸುವುದನ್ನು ಅಲ್ಲಿನ ಸೈನಿಕರು ಕಲಿಯಬೇಕಾಗಿ ಬಂದಿದೆ. ಆರು ಗಂಟೆ ದಾಟಿದ್ದರೆ ಅದನ್ನು ಅಲ್ಲಿ ಬಿಚ್ಚುವಂತಿಲ್ಲ, ಏಕೆಂದರೆ ಸತ್ತ ಸ್ನಾಯುವಿನಿಂದ ಹೊರಡುವ ಪೊಟ್ಯಾಸಿಯಂ ಹೃದಯವನ್ನೇ ನಿಲ್ಲಿಸಬಲ್ಲದು. ಹಾಗಾಗಿ ಪಟ್ಟಿ ಬಿಗಿದವನು ಬಿಗಿದ ಕೂಡಲೇ ಆ ವೇಳೆಯನ್ನು ಅದರ ಮೇಲೆ ಬರೆಯುತ್ತಾನೆ; ಕಂದಕಕ್ಕೆ ಆಮೇಲೆ ತಲುಪಿದ ವೈದ್ಯಕೀಯ ಸಿಬ್ಬಂದಿ ಟಾರ್ಚ್ ಹಿಡಿದು ಮೊದಲು ಹುಡುಕುವುದು ಆ ಬರಹವನ್ನು.