ಬ್ಯಾಕಪ್ ಆಗಿದೆ, ಮರಳಿ ಬರುತ್ತದೆಯೇ?

(ಮಂಗಳೂರಿನಲ್ಲಿ ಸಹಕಾರಿ ಸಂಘಗಳ ಆಂತರಿಕ ಲೆಕ್ಕಪರಿಶೋಧಕರಿಗೆ ನೀಡಿದ ಉಪನ್ಯಾಸದ ಬರಹರೂಪ)

ಎಲ್ಲರಿಗೂ ನಮಸ್ಕಾರ. ವ್ಯವಹಾರ ನಿರಂತರತೆ ಮತ್ತು ವಿಪತ್ತು ಚೇತರಿಕೆಯ ಪರಿಶೋಧನೆ ಎಂದು ಆಮಂತ್ರಣದಲ್ಲಿ ಅಚ್ಚಾಗಿದೆ. ಅಷ್ಟನ್ನೂ ಒಂದು ಸಂಜೆಯಲ್ಲಿ ಹೇಳಲು ಹೊರಟರೆ ಯಾವುದನ್ನೂ ಹೇಳಿದಂತಾಗುವುದಿಲ್ಲ. ಹಾಗಾಗಿ ಒಂದೇ ಪ್ರಶ್ನೆಯನ್ನು ಹಿಡಿದುಕೊಳ್ಳುತ್ತೇನೆ: ತೆಗೆದಿಟ್ಟ ಬ್ಯಾಕಪ್‌ನಿಂದ ಲೆಕ್ಕಪತ್ರ ನಿಜವಾಗಿ ಮರಳಿ ಬರುತ್ತದೆ ಎನ್ನುವುದಕ್ಕೆ ನಮ್ಮ ಕಡತದಲ್ಲಿ ಏನು ಸಾಕ್ಷ್ಯವಿರಬೇಕು?

ಸಾಮಾನ್ಯವಾಗಿ ಇರುವುದು ಒಂದು ಪರದೆಯ ಚಿತ್ರ. ಅದರಲ್ಲಿ ಹಸಿರು ಬಣ್ಣದಲ್ಲಿ 'ಯಶಸ್ವಿ' ಎಂಬ ಸಾಲುಗಳಿರುತ್ತವೆ. ಪರಿಶೋಧಕರು ಅದಕ್ಕೆ ಸಹಿ ಹಾಕಿ ಮುಂದಿನ ಪುಟಕ್ಕೆ ಹೋಗುತ್ತಾರೆ. ಆದರೆ ಆ ಸಾಲು ಹೇಳುವುದು ಇಷ್ಟೇ: ಒಂದು ಕಡತ ಬರೆಯಲ್ಪಟ್ಟಿತು, ಬರೆಯುವಾಗ ತೊಂದರೆಯಾಗಲಿಲ್ಲ. ಆ ಕಡತವನ್ನು ತೆರೆಯಲು ಬೇರೆ ಯಾವ ಕಡತ ಬೇಕು, ಅದು ಯಾರ ಕೈಯಲ್ಲಿದೆ ಎನ್ನುವುದನ್ನು ಅದು ಹೇಳುವುದಿಲ್ಲ. ಇದು ಹೇಗೆ ಕೈಕೊಡುತ್ತದೆ ಎನ್ನುವುದನ್ನು ಉಡುಪಿ ಕಡೆಯ ಒಂದು ಪತ್ತಿನ ಸಂಘದ ಪ್ರಕರಣದಿಂದ ತೋರಿಸುತ್ತೇನೆ. ಹೆಸರು ಬೇಡ.

ಸಂಘದ ದತ್ತಾಂಶ ಇದ್ದದ್ದು ಎಸ್‌ಕ್ಯೂಎಲ್ ಸರ್ವರ್‌ನಲ್ಲಿ. ವ್ಯವಸ್ಥೆ ಕಾಗದದ ಮೇಲೆ ಅಚ್ಚುಕಟ್ಟಾಗಿತ್ತು. ಭಾನುವಾರ ರಾತ್ರಿ ಹತ್ತಕ್ಕೆ ಪೂರ್ಣ ಬ್ಯಾಕಪ್. ಉಳಿದ ದಿನಗಳಲ್ಲಿ ಅದೇ ಹೊತ್ತಿಗೆ ಡಿಫರೆನ್ಶಿಯಲ್, ಅಂದರೆ ಕೊನೆಯ ಪೂರ್ಣ ಬ್ಯಾಕಪ್‌ನ ನಂತರ ಬದಲಾದ ಭಾಗ ಮಾತ್ರ. ಇವೆರಡರ ಜೊತೆಗೆ ಪ್ರತಿ ಹದಿನೈದು ನಿಮಿಷಕ್ಕೊಮ್ಮೆ ವಹಿವಾಟಿನ ಲಾಗ್, ಅಂದರೆ ಹಿಂದಿನ ಲಾಗ್‌ನ ನಂತರ ನಡೆದ ಬದಲಾವಣೆಗಳ ಸಾಲುಸಾಲು ದಾಖಲೆ. ಜಾಗ ಉಳಿಸಲು ಲಾಗ್ ಕಡತಗಳನ್ನು 48 ಗಂಟೆಗಳ ನಂತರ ಅಳಿಸುತ್ತಿದ್ದರು. ಏನೇ ಆದರೂ ಹದಿನೈದು ನಿಮಿಷಕ್ಕಿಂತ ಹೆಚ್ಚಿನ ವಹಿವಾಟು ನಷ್ಟವಾಗದು, ನಾಲ್ಕು ಗಂಟೆಯೊಳಗೆ ಕೆಲಸ ಮತ್ತೆ ಆರಂಭವಾಗುತ್ತದೆ ಎಂದು ಆಡಳಿತ ಮಂಡಳಿ ಅನುಮೋದಿಸಿದ ಯೋಜನೆಯಲ್ಲಿ ಬರೆದಿತ್ತು.

ಒಂದು ಶುಕ್ರವಾರ ಬೆಳಿಗ್ಗೆ ಹನ್ನೊಂದೂವರೆಗೆ ನಾವು, "ಈ ಕ್ಷಣ ಸರ್ವರ್ ಇಲ್ಲವಾಯಿತು ಎಂದುಕೊಳ್ಳಿ. ಬೇರೆ ಯಂತ್ರದಲ್ಲಿ ಎಬ್ಬಿಸಿ ತೋರಿಸಿ" ಎಂದೆವು. ಹೊತ್ತನ್ನು ಪರಿಶೋಧಕರೇ ಆರಿಸಬೇಕು, ಅದೂ ಮುನ್ಸೂಚನೆ ಇಲ್ಲದೆ. ಕಂಪ್ಯೂಟರ್ ವಿಭಾಗಕ್ಕೆ ದಿನಾಂಕ ಬಿಟ್ಟುಕೊಟ್ಟರೆ ಅವರು ಭಾನುವಾರದ ಪೂರ್ಣ ಬ್ಯಾಕಪ್ಪನ್ನೇ ತೆರೆದು ತೋರಿಸುತ್ತಾರೆ. ಅದು ತೆರೆದೇ ತೆರೆಯುತ್ತದೆ.

ಭಾನುವಾರದ ಬ್ಯಾಕಪ್ ಇಲ್ಲಿಯೂ ಸುಗಮವಾಗಿ ಬಂತು. ಅದರ ಮೇಲೆ ಗುರುವಾರ ರಾತ್ರಿಯ ಡಿಫರೆನ್ಶಿಯಲ್ ಹಾಕಲು ಹೋದಾಗ 3136 ಎಂಬ ದೋಷಸಂಖ್ಯೆ ಬಂತು. ದತ್ತಾಂಶವನ್ನು ಸರಿಯಾದ ಹಿಂದಿನ ಸ್ಥಿತಿಗೆ ತಂದಿಲ್ಲ, ಆದ್ದರಿಂದ ಇದನ್ನು ಸೇರಿಸಲಾಗದು ಎನ್ನುವುದು ಅದರ ಅರ್ಥ. ಕಡತ ಕೆಟ್ಟಿರಲಿಲ್ಲ. ಹಾಗಾದರೆ ಆದದ್ದೇನು?

ಬುಧವಾರ ಮಧ್ಯಾಹ್ನ ಮೂರಕ್ಕೆ ಸಾಫ್ಟ್‌ವೇರ್ ಕಂಪನಿಯ ಹುಡುಗ ಬಂದಿದ್ದ. ಹೊಸ ಆವೃತ್ತಿ ಹಾಕುವ ಮೊದಲು ಎಚ್ಚರಿಕೆಗೆಂದು ಪೂರ್ಣ ಬ್ಯಾಕಪ್ ಒಂದನ್ನು ತನ್ನ ಪೆನ್‌ಡ್ರೈವ್‌ಗೆ ತೆಗೆದುಕೊಂಡು ಹೋಗಿದ್ದ. ಒಳ್ಳೆಯ ಅಭ್ಯಾಸವೇ, ಆದರೆ `COPY_ONLY` ಎಂಬ ಆಯ್ಕೆಯನ್ನು ಕೊಟ್ಟಿರಲಿಲ್ಲ. ಆ ಆಯ್ಕೆ ಇಲ್ಲದೆ ತೆಗೆದ ಪೂರ್ಣ ಬ್ಯಾಕಪ್ಪೇ ಮುಂದಿನ ಡಿಫರೆನ್ಶಿಯಲ್‌ಗಳಿಗೆ ಹೊಸ ಬುನಾದಿಯಾಗುತ್ತದೆ. ಬುಧವಾರ ಮತ್ತು ಗುರುವಾರ ರಾತ್ರಿಯ ಬ್ಯಾಕಪ್‌ಗಳು ಹಸಿರು ಗುರುತಿನೊಂದಿಗೆ, ಸಂಘದ ಬಳಿ ಇಲ್ಲದ ಒಂದು ಕಡತವನ್ನು ನಂಬಿಕೊಂಡು ಕುಳಿತಿದ್ದವು. ಕಂಪನಿಗೆ ಫೋನ್ ಮಾಡಿದೆವು. ಪೆನ್‌ಡ್ರೈವ್ ಅಳಿಸಿ ಬೇರೆ ಕೆಲಸಕ್ಕೆ ಬಳಸಿಯಾಗಿತ್ತು.

ಪೂರ್ಣ ಬ್ಯಾಕಪ್ ತೆಗೆದರೆ ಲಾಗ್‌ಗಳ ಸರಪಳಿ ಕಡಿಯುವುದಿಲ್ಲ. ಹಾಗಾಗಿ ಭಾನುವಾರದ ಬ್ಯಾಕಪ್ ಮೇಲೆ ಮಂಗಳವಾರ ರಾತ್ರಿಯ ಡಿಫರೆನ್ಶಿಯಲ್ ಹಾಕಿ, ಅಲ್ಲಿಂದ ಮುಂದೆ ಲಾಗ್‌ಗಳನ್ನು ಒಂದೊಂದಾಗಿ ಸೇರಿಸುತ್ತಾ ಬಂದಿದ್ದರೆ ಶುಕ್ರವಾರದವರೆಗೂ ತಲುಪಬಹುದಿತ್ತು. ಆದರೆ 48 ಗಂಟೆಗಳ ನಿಯಮದಿಂದ ಬುಧವಾರ ಹನ್ನೊಂದೂವರೆಗಿಂತ ಹಿಂದಿನ ಲಾಗ್‌ಗಳು ಅಳಿದುಹೋಗಿದ್ದವು. ನಡುವೆ ಕಂದಕ. ಸಂಘಕ್ಕೆ ನಿಜವಾಗಿ ಮರಳಿ ಸಿಗುತ್ತಿದ್ದದ್ದು ಮಂಗಳವಾರ ರಾತ್ರಿ ಹತ್ತರ ಸ್ಥಿತಿ. ಹದಿನೈದು ನಿಮಿಷದ ಭರವಸೆಯ ಜಾಗದಲ್ಲಿ ಅರವತ್ತೊಂದೂವರೆ ಗಂಟೆಗಳ ನಷ್ಟ.

ಆ ಅವಧಿಯ ವಹಿವಾಟನ್ನು ಮತ್ತೆ ನಮೂದಿಸಬಹುದಲ್ಲ ಎಂದು ಅಧ್ಯಕ್ಷರು ಕೇಳಿದರು. ಕೌಂಟರಿನ ಚಲನ್‌ಗಳಿಂದ ನಮೂದಿಸಬಹುದು. ಪಿಗ್ಮಿಗೆ ಏನು ಮಾಡುವುದು? 1928ರಲ್ಲಿ ಸಿಂಡಿಕೇಟ್ ಬ್ಯಾಂಕ್ ಶುರುಮಾಡಿದ ಪಿಗ್ಮಿ ನಮ್ಮ ಕರಾವಳಿಯದ್ದೇ ಪದ್ಧತಿ. ಈಗ ಏಜೆಂಟರ ಕೈಯಲ್ಲಿ ಯಂತ್ರವಿದೆ. ಸಂಜೆ ಅದರ ಲೆಕ್ಕವನ್ನು ಸರ್ವರ್‌ಗೆ ಏರಿಸಿದೊಡನೆ ಈ ಸಂಘದಲ್ಲಿ ಯಂತ್ರದ ನೆನಪನ್ನು ಅಳಿಸುತ್ತಿದ್ದರು. ಉಳಿಯುವುದು ಅಂಗಡಿಯವರ ಜೇಬಿನಲ್ಲಿರುವ, ಶಾಯಿ ಮಾಸುವ ಚೀಟಿ ಮಾತ್ರ. ನಿರಂತರತೆಯ ಯೋಜನೆಯಲ್ಲಿ ಇದರ ಬಗ್ಗೆ ಒಂದು ಸಾಲೂ ಇರಲಿಲ್ಲ. ನನ್ನ ಪ್ರಕಾರ ಆ ದಿನದ ದೊಡ್ಡ ಆಕ್ಷೇಪಣೆ ಇದೇ.

ಬುನಾದಿ ಹೀಗೆ ಕೈತಪ್ಪಿದ್ದನ್ನು ಮರುಸ್ಥಾಪನೆ ಮಾಡದೆಯೂ ಸ್ವಲ್ಪ ಮಟ್ಟಿಗೆ ಮೊದಲೇ ಹಿಡಿಯಬಹುದು. ಸರ್ವರ್ ತನ್ನ ಮೇಲೆ ನಡೆದ ಪ್ರತಿ ಬ್ಯಾಕಪ್ಪನ್ನೂ ದಾಖಲಿಸುತ್ತದೆ. ಕಂಪ್ಯೂಟರ್ ವಿಭಾಗದವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಇದನ್ನು ಓಡಿಸಿ:

```sql
SELECT b.database_name, b.backup_finish_date,
       b.is_copy_only, b.user_name,
       m.physical_device_name
FROM msdb.dbo.backupset b
JOIN msdb.dbo.backupmediafamily m
  ON b.media_set_id = m.media_set_id
WHERE b.type = 'D'
ORDER BY b.backup_finish_date DESC;
```

ಇಲ್ಲಿ `D` ಎಂದರೆ ಪೂರ್ಣ ಬ್ಯಾಕಪ್. `is_copy_only` ಕಾಲಮ್ಮಿನಲ್ಲಿ ಸೊನ್ನೆ ಎಂದರೆ ಆ ಆಯ್ಕೆ ಇಲ್ಲದೆ ತೆಗೆದದ್ದು. ಸೊನ್ನೆಯ ಜೊತೆಗೆ ಭಾನುವಾರವಲ್ಲದ ದಿನ, ಅಪರಿಚಿತ ಬಳಕೆದಾರ ಅಥವಾ ಪೆನ್‌ಡ್ರೈವಿನ ಹಾದಿ ಕಂಡರೆ ಅಲ್ಲಿಯೇ ನಿಲ್ಲಿ. `RESTORE VERIFYONLY` ಓಡಿಸಿದ್ದೇವೆ ಎಂದು ಕೆಲವರು ಹೇಳುತ್ತಾರೆ. ಕಡತ ಪೂರ್ತಿ ಇದೆಯೇ, ಓದಲು ಬರುತ್ತದೆಯೇ ಎಂದು ಅದು ನೋಡುತ್ತದೆ. ಬುನಾದಿ ನಿಮ್ಮ ಬಳಿ ಇದೆಯೇ ಎಂದು ನೋಡುವುದಿಲ್ಲ.

ಎರಡು ತಿಂಗಳ ನಂತರ ಮತ್ತೆ ಹೋದೆವು. ಲಾಗ್‌ಗಳನ್ನು ಈಗ ಹದಿನೈದು ದಿನ ಇಡುತ್ತಿದ್ದರು. ಈ ಸಲ ದತ್ತಾಂಶ ಪೂರ್ತಿ ಬಂತು, ಆದರೆ ಗಡಿಯಾರ ಬೇರೆ ಕಥೆ ಹೇಳಿತು. ಬೆಳಿಗ್ಗೆ ಹತ್ತಕ್ಕೆ ಶುರುವಾಯಿತು. ಖಾಲಿ ಯಂತ್ರ ಹುಡುಕಿ ತಂತ್ರಾಂಶ ಹಾಕುವಷ್ಟರಲ್ಲಿ 12:10. ಬ್ಯಾಕಪ್ಪಿಗೆ ಗೂಢಲಿಪಿಯ ರಕ್ಷಣೆಯಿತ್ತು. ಅದರ ಪ್ರಮಾಣಪತ್ರದ ಪಾಸ್‌ವರ್ಡ್ ಲಾಕರಿನ ಲಕೋಟೆಯಲ್ಲಿತ್ತು, ಲಾಕರಿಗೆ ಎರಡು ಕೀಲಿ, ಒಂದು ಕೀಲಿಯವರು ಕುಂದಾಪುರ ಶಾಖೆಯಲ್ಲಿ. ಅವರು ಬಂದು ತೆರೆದಾಗ 2:40. ದತ್ತಾಂಶ ಮರಳಿ ಬಂದದ್ದು ಐವತ್ತೇ ನಿಮಿಷದಲ್ಲಿ, 3:30ಕ್ಕೆ. ತಾಳೆ ನೋಡಿ ಮುಗಿಸಿದಾಗ 4:20. ನಾಲ್ಕು ಗಂಟೆಯ ಭರವಸೆ ಆರು ಗಂಟೆ ಇಪ್ಪತ್ತು ನಿಮಿಷವಾಯಿತು. ವರದಿಯಲ್ಲಿ ಐವತ್ತು ನಿಮಿಷ ಎಂದು ಬರೆಯುವ ಆಸೆ ಸಂಘದವರಿಗಿತ್ತು. ಲೆಕ್ಕ ಶುರುವಾಗಬೇಕಾದದ್ದು ಸರ್ವರ್ ಬಿದ್ದ ಕ್ಷಣದಿಂದ.

ತಾಳೆ ನೋಡುವುದೆಂದರೆ ಲಾಗಿನ್ ಆಗಿ ಮೆನು ಕಂಡೊಡನೆ ತೃಪ್ತಿಪಡುವುದಲ್ಲ. ಮೊದಲು `DBCC CHECKDB` ಓಡಿಸಿ ದತ್ತಾಂಶದ ಒಳರಚನೆ ಸರಿಯಿದೆಯೇ ನೋಡಬೇಕು. ನಂತರ ಹಿಂದಿನ ದಿನದ ಮುಕ್ತಾಯಕ್ಕೆ ಶಾಖಾ ವ್ಯವಸ್ಥಾಪಕರು ಸಹಿ ಮಾಡಿಟ್ಟ ಕಾಗದದ ತಃಖ್ತೆಯನ್ನು ತೆಗೆದುಕೊಂಡು, ಅದೇ ದಿನಾಂಕದ ತಃಖ್ತೆಯನ್ನು ಮರಳಿ ಬಂದ ದತ್ತಾಂಶದಿಂದ ಮುದ್ರಿಸಿ, ಠೇವಣಿ ಮತ್ತು ಸಾಲದ ಮೊತ್ತಗಳನ್ನು ಹೋಲಿಸಬೇಕು. ಕೌಂಟರಿನಲ್ಲಿರುವ ಕೊನೆಯ ವೋಚರಿನ ಸಂಖ್ಯೆ ಅದರಲ್ಲಿ ಇದೆಯೇ ನೋಡಬೇಕು. ಇಷ್ಟಾದ ಮೇಲೆ ಪರೀಕ್ಷೆಯ ಯಂತ್ರದಲ್ಲಿರುವ `msdb.dbo.restorehistory` ದಾಖಲೆಯ ಪ್ರತಿ ತೆಗೆದುಕೊಳ್ಳಿ. ಯಾರು, ಯಾವಾಗ, ಯಾವ ಬ್ಯಾಕಪ್ಪಿನಿಂದ ಮರುಸ್ಥಾಪಿಸಿದರು ಎನ್ನುವುದು ಅದರಲ್ಲಿ ದೊರೆಯುತ್ತದೆ. ಪರೀಕ್ಷೆ ಮುಗಿದ ಮೇಲೆ ಆ ಯಂತ್ರದ ದತ್ತಾಂಶವನ್ನು ಅಳಿಸಲು ಮರೆಯಬೇಡಿ. ಅದರಲ್ಲಿರುವುದು ಸದಸ್ಯರ ನಿಜವಾದ ಖಾತೆಗಳು.

ರಿಸರ್ವ್ ಬ್ಯಾಂಕ್ 2023ರ ನವೆಂಬರಿನಲ್ಲಿ ಹೊರಡಿಸಿ 2024ರ ಏಪ್ರಿಲ್ 1ರಿಂದ ಜಾರಿಗೆ ತಂದ ಮಾಹಿತಿ ತಂತ್ರಜ್ಞಾನ ಆಡಳಿತದ ನಿರ್ದೇಶನ, ಪ್ರಮುಖ ವ್ಯವಸ್ಥೆಗಳಿಗೆ ಆರು ತಿಂಗಳಿಗೊಮ್ಮೆಯಾದರೂ ಚೇತರಿಕೆಯ ತಾಲೀಮು ನಡೆಸಬೇಕೆನ್ನುತ್ತದೆ. ಅದು ವಾಣಿಜ್ಯ ಬ್ಯಾಂಕುಗಳಂಥ ಸಂಸ್ಥೆಗಳಿಗೆ ಅನ್ವಯಿಸುವಂಥದ್ದು, ಪತ್ತಿನ ಸಂಘಗಳನ್ನು ಕಟ್ಟಿಹಾಕುವುದಿಲ್ಲ. ಆದರೂ ಆ ಅಂತರವನ್ನು ಅಳತೆಗೋಲಾಗಿ ಬಳಸಲು ಅಡ್ಡಿಯಿಲ್ಲ.

ಆಕ್ಷೇಪಣೆಯನ್ನು ಯಾವಾಗ ಮುಕ್ತಾಯಗೊಳಿಸಬೇಕು ಎನ್ನುವುದು ಕೊನೆಯ ಮಾತು. ಈ ಸಂಘದ ಉತ್ತರದಲ್ಲಿ 'ಸರಿಪಡಿಸಲಾಗಿದೆ' ಎಂದಿತ್ತು. ನಾವು ಎರಡನೇ ಭೇಟಿಯ ನಂತರ ದತ್ತಾಂಶ ನಷ್ಟದ ಆಕ್ಷೇಪಣೆಯನ್ನು ಮಾತ್ರ ಮುಗಿಸಿದೆವು. ಸಮಯದ್ದು ಮತ್ತು ಪಿಗ್ಮಿಯದ್ದು ಬಾಕಿ ಉಳಿದವು. ನಂತರ ಪಿಗ್ಮಿ ಯಂತ್ರದ ಲೆಕ್ಕವನ್ನು ಏಳು ದಿನ ಅಳಿಸದೆ ಇಡುವ ವ್ಯವಸ್ಥೆಯಾಯಿತು. ಲಕೋಟೆಯ ಇನ್ನೊಂದು ಪ್ರತಿಯನ್ನು ಎಲ್ಲಿಡಬೇಕು ಎನ್ನುವ ಬಗ್ಗೆ ಆಡಳಿತ ಮಂಡಳಿಯಲ್ಲಿ ಇನ್ನೂ ಜಗಳ ನಡೆಯುತ್ತಿದೆ. ಅದು ತೀರ್ಮಾನವಾಗಿ, ಮತ್ತೊಮ್ಮೆ ನಾವು ಆರಿಸಿದ ಹೊತ್ತಿನಿಂದ ನಾಲ್ಕು ಗಂಟೆಯೊಳಗೆ ತಃಖ್ತೆ ತಾಳೆಯಾಗುವವರೆಗೆ ಸಮಯದ ಆಕ್ಷೇಪಣೆ ನಮ್ಮ ಪಟ್ಟಿಯಲ್ಲಿ ಇರುತ್ತದೆ.