ಪಕ್ಕೆ ನೋವು ಹೋಯಿತು, ಏದುಸಿರು ಬಂತು

ಕೇಳುಗರಿಗೆಲ್ಲ ನಮಸ್ಕಾರ.

ಎದೆಯಲ್ಲಿ ನೀರು ತುಂಬಿಕೊಂಡಿದೆ ಅಂತ ಡಾಕ್ಟರು ಹೇಳಿದ ಕೂಡಲೇ ಮನೆಯವರು ಕೇಳುವ ಮೊದಲ ಪ್ರಶ್ನೆ, ಇವನು ನೀರು ಜಾಸ್ತಿ ಕುಡೀತಾನಾ ಅಂತ. ಕುಡಿದ ನೀರು ನೇರವಾಗಿ ಅಲ್ಲಿಗೆ ಹೋಗುವುದಿಲ್ಲ. ಶ್ವಾಸಕೋಶದ ಒಳಗೂ ಇದು ತುಂಬಿರುವುದಿಲ್ಲ. ಶ್ವಾಸಕೋಶದ ಹೊರಮೈಗೆ ಒಂದು ತೆಳು ಪೊರೆ ಅಂಟಿಕೊಂಡಿರುತ್ತದೆ, ಎದೆಗೂಡಿನ ಒಳಗೋಡೆಗೆ ಇನ್ನೊಂದು. ಇವೆರಡರ ನಡುವೆ ಸೇರಿಕೊಳ್ಳುವ ನೀರನ್ನೇ ಪ್ಲೂರಲ್ ಎಫ್ಯೂಷನ್ ಅನ್ನುತ್ತಾರೆ.

ಆ ಸಂದಿಯಲ್ಲಿ ನಮಗೆಲ್ಲ ಎರಡು ಮೂರು ಚಮಚದಷ್ಟು ದ್ರವ ಇದ್ದೇ ಇರುತ್ತದೆ, ಇಲ್ಲದಿದ್ದರೆ ಪ್ರತಿ ಉಸಿರಿಗೂ ಪೊರೆಗಳು ಒಂದಕ್ಕೊಂದು ಉಜ್ಜಿಕೊಂಡು ಗಾಯವಾಗುತ್ತಿತ್ತು. ಈ ದ್ರವ ಸಣ್ಣ ರಕ್ತನಾಳಗಳಿಂದ ಸದಾ ಜಿನುಗುತ್ತಿರುತ್ತದೆ. ಹೊರಗಿನ ಪೊರೆಯಲ್ಲಿರುವ ಕಣ್ಣಿಗೆ ಕಾಣದ ತೂತುಗಳ ಮೂಲಕ ದುಗ್ಧನಾಳಗಳಿಗೆ, ಅಂದರೆ ಲಿಂಫ್ ನಾಳಗಳಿಗೆ, ಹರಿದು ಹೋಗುತ್ತಲೂ ಇರುತ್ತದೆ. ಜಿನುಗುವುದು ಸ್ವಲ್ಪ ಹೆಚ್ಚಾದರೆ ಈ ನಾಳಗಳೇ ಸುಧಾರಿಸಿಕೊಳ್ಳುತ್ತವೆ. ಅದೂ ಸಾಲದಾದಾಗ, ಇಲ್ಲವೇ ಆ ದಾರಿಯೇ ಮುಚ್ಚಿದಾಗ ನೀರು ನಿಲ್ಲುತ್ತದೆ. ಹೃದಯ ಸೋತು ರಕ್ತನಾಳದ ಒತ್ತಡ ಏರಿದರೂ ಹೀಗಾಗಬಹುದು, ಲಿವರ್ ಅಥವಾ ಕಿಡ್ನಿ ಕೆಟ್ಟು ರಕ್ತದ ಪ್ರೋಟೀನ್ ಇಳಿದರೂ ಆಗಬಹುದು. ನ್ಯುಮೋನಿಯಾ, ಕ್ಯಾನ್ಸರ್, ಕ್ಷಯಗಳಲ್ಲಿ ಪೊರೆಯೇ ಕೆರಳಿ ಸೋರುತ್ತದೆ. ನಮ್ಮ ದೇಶದಲ್ಲಿ ಹರೆಯದವರ ಒಂದೇ ಪಕ್ಕದಲ್ಲಿ ನೀರು ತುಂಬಿದ್ದರೆ ನಾವು ಮೊದಲು ಯೋಚಿಸುವುದು ಕ್ಷಯವನ್ನೇ. ಇವತ್ತು ಅಂಥದ್ದೊಂದು ಕೇಸನ್ನೇ ಹಿಡಿದು ಮಾತಾಡೋಣ.

ಹೋಟೆಲಿನಲ್ಲಿ ಕೆಲಸ ಮಾಡುವ 26 ವರ್ಷದ ಹುಡುಗ ಅಂದುಕೊಳ್ಳಿ. ಸಂಜೆಯಾದರೆ ಮೈ ಬೆಚ್ಚಗಾಗುತ್ತಿತ್ತು, ಒಣಕೆಮ್ಮು, ಜೊತೆಗೆ ಜೋರಾಗಿ ಉಸಿರೆಳೆದರೆ ಬಲಪಕ್ಕೆಯಲ್ಲಿ ಚುಚ್ಚಿದಂಥ ನೋವು. ಮೆಡಿಕಲ್ ಶಾಪಿನಿಂದ ಮಾತ್ರೆ ತಂದು ನುಂಗಿದ. ವಾರ ಕಳೆಯುವಷ್ಟರಲ್ಲಿ ನೋವು ಹೋಯಿತು. ವಾಸಿಯಾಯಿತು ಅಂತ ಕೆಲಸಕ್ಕೆ ಹೋದ. ಆದರೆ ಒಂದು ಮಹಡಿ ಹತ್ತುವಷ್ಟರಲ್ಲಿ ಏದುಸಿರು ಬರತೊಡಗಿತು.

ಇಲ್ಲಿ ಸ್ವಲ್ಪ ನಿಲ್ಲೋಣ. ಮೊದಲು ನೋವಿದ್ದದ್ದು ಕೆರಳಿದ ಎರಡು ಪೊರೆಗಳು ಉಜ್ಜುತ್ತಿದ್ದುದರಿಂದ. ನೀರು ಸೇರುತ್ತಾ ಹೋದ ಹಾಗೆ ಅವು ದೂರ ಸರಿದವು, ಉಜ್ಜುವುದು ನಿಂತಿತು, ನೋವೂ ನಿಂತಿತು. ಅಂದರೆ ನೋವು ಹೋಗಿದ್ದು ಮಾತ್ರೆಯಿಂದಲೇ ಅಲ್ಲ, ಕಾಯಿಲೆ ಮುಂದುವರಿದದ್ದರಿಂದ. ಪಕ್ಕೆ ನೋವು ತಾನಾಗಿಯೇ ಕಮ್ಮಿಯಾಗಿ, ಅದರ ಜಾಗದಲ್ಲಿ ಏದುಸಿರು ಬಂದರೆ ದಯವಿಟ್ಟು ಆವತ್ತೇ ಎದೆ ತೋರಿಸಿ.

ಆ ಹುಡುಗನ ಅಂಗಿ ಬಿಚ್ಚಿಸಿ ಕೂರಿಸಿದಾಗ ಮೊದಲು ಕಾಣುವುದು, ಉಸಿರಾಡುವಾಗ ಬಲಗಡೆಯ ಪಕ್ಕೆ ಎಡಗಡೆಯಷ್ಟು ಏಳುತ್ತಿಲ್ಲ ಅನ್ನುವುದು. ಕತ್ತಿನ ಕೆಳಗಿನ ಗುಳಿಯಲ್ಲಿ ಬೆರಳಿಟ್ಟರೆ ಗಾಳಿಕೊಳವೆ ಸ್ವಲ್ಪ ಎಡಕ್ಕೆ ಸರಿದಿದೆ. ಇನ್ನು ಬೆನ್ನು ತಟ್ಟಿ ನೋಡುವುದು. ಎಡಗೈಯ ನಡುಬೆರಳನ್ನು ಪಕ್ಕೆಲುಬುಗಳ ಸಂದಿಗೆ ಒತ್ತಿಟ್ಟು, ಬಲಗೈ ನಡುಬೆರಳಿನ ತುದಿಯಿಂದ ಅದರ ಮೇಲೆ ಕುಟ್ಟುತ್ತೇವೆ. ಗಾಳಿಯಿರುವ ಕಡೆ ಟೊಳ್ಳು ಸದ್ದು ಬರುತ್ತದೆ. ನೀರಿರುವ ಕಡೆ ಕಲ್ಲಿಗೆ ಬಡಿದಂತೆ ಸತ್ತ ಸದ್ದು, ಅದು ಕಿವಿಗಿಂತ ಮೊದಲು ಬೆರಳಿಗೇ ಗೊತ್ತಾಗುತ್ತದೆ. ಈ ವಿಧಾನವನ್ನು 1761ರಲ್ಲಿ ಬರೆದಿಟ್ಟವರು ವಿಯೆನ್ನಾದ ಲಿಯೋಪೋಲ್ಡ್ ಔಯೆನ್‌ಬ್ರುಗ್ಗರ್. ಅವರ ತಂದೆ ಛತ್ರದಂಥ ಹೋಟೆಲು ನಡೆಸುತ್ತಿದ್ದರು, ಪೀಪಾಯಿ ತಟ್ಟಿ ಒಳಗೆ ಎಷ್ಟು ಮದ್ಯ ಇದೆ ಅಂತ ನೋಡುವುದನ್ನು ಕಂಡೇ ಇದು ಹೊಳೆಯಿತು ಅಂತ ಹೇಳುತ್ತಾರೆ.

ಬಲಗಡೆ ತಟ್ಟುವಾಗ ಒಂದು ತೊಡಕಿದೆ. ಮುಂಭಾಗದಲ್ಲಿ ಕೆಳಗೆ ಲಿವರ್ ಇರುವುದರಿಂದ ಅಲ್ಲಿ ಎಲ್ಲರಿಗೂ ಸತ್ತ ಸದ್ದೇ ಬರುತ್ತದೆ. ಅದಕ್ಕೇ ಬೆನ್ನಿನ ಕಡೆ, ಮೇಲಿನಿಂದ ಕೆಳಕ್ಕೆ, ಒಂದೊಂದು ಮಟ್ಟದಲ್ಲೂ ಬಲಕ್ಕೆ ಎಡಕ್ಕೆ ಹೋಲಿಸಿಕೊಂಡು ತಟ್ಟಬೇಕು. ಇನ್ನೊಂದು ತೊಡಕು ನ್ಯುಮೋನಿಯಾ, ಅದರಲ್ಲೂ ಸದ್ದು ಮಂಕಾಗುತ್ತದೆ. ನೀರೋ ನ್ಯುಮೋನಿಯಾವೋ ಅಂತ ಬಿಡಿಸಿ ಹೇಳುವುದು ಅಂಗೈ. ಬೆನ್ನ ಮೇಲೆ ಅಂಗೈಯಿಟ್ಟು ಒಂದು, ಎರಡು, ಮೂರು ಅಂತ ಜೋರಾಗಿ ಎಣಿಸಲು ಹೇಳಿದರೆ, ನ್ಯುಮೋನಿಯಾದಿಂದ ಗಟ್ಟಿಯಾದ ಶ್ವಾಸಕೋಶದಲ್ಲಿ ದನಿಯ ಕಂಪನ ಇನ್ನೂ ಜೋರಾಗಿ ಕೈಗೆ ಬರುತ್ತದೆ. ನಡುವೆ ನೀರಿದ್ದರೆ ಬರುವುದೇ ಇಲ್ಲ. ಸ್ಟೆತಸ್ಕೋಪಿಗೂ ಅಲ್ಲಿ ಉಸಿರಿನ ಸದ್ದು ಕೇಳಿಸುವುದಿಲ್ಲ.

ಆದರೆ ಸುಮಾರು 300 ಮಿಲಿಗಿಂತ ಕಮ್ಮಿ ನೀರಿದ್ದರೆ ಈ ತಟ್ಟುವಿಕೆಯನ್ನು ನಂಬಿಕೊಳ್ಳುವಂತಿಲ್ಲ. ನೇರ ನಿಲ್ಲಿಸಿ ತೆಗೆದ ಎಕ್ಸ್-ರೇಯಲ್ಲಿ ಪಕ್ಕೆಲುಬೂ ವಪೆಯೂ ಸೇರುವ ಮೂಲೆ ಚೂಪಾಗಿ, ಕಪ್ಪಾಗಿ ಕಾಣಬೇಕು. ನೀರು 200 ಮಿಲಿ ಆಸುಪಾಸಿಗೆ ಬಂದಾಗ ಆ ಮೂಲೆ ಮೊಂಡಾಗುತ್ತದೆ. ಬೆನ್ನ ಕಡೆಯ ಮೂಲೆ ಇನ್ನೂ ಆಳ, ಹಾಗಾಗಿ ಪಕ್ಕದಿಂದ ತೆಗೆದ ಎಕ್ಸ್-ರೇಯಲ್ಲಿ 50 ಮಿಲಿ ಕೂಡ ಸಿಗಬಹುದು. ನಮ್ಮ ಹುಡುಗನಿಗೆ ಬಲಗಡೆ ಅರ್ಧದವರೆಗೆ ಬೆಳ್ಳಗಿತ್ತು, ಮೇಲಂಚು ಹೊರಗಡೆ ಏರಿ ಒಳಗಡೆ ಇಳಿದ ಬಾಗು ಗೆರೆ. ನೀರು ನಿಜಕ್ಕೂ ಹೊರಗಡೆ ಮೇಲೇರಿ ನಿಂತಿರುವುದಿಲ್ಲ. ಅದು ಶ್ವಾಸಕೋಶವನ್ನು ಸುತ್ತುವರಿದಿರುತ್ತದೆ, ಹೊರಅಂಚಿನಲ್ಲಿ ಕಿರಣ ಹೆಚ್ಚು ದಪ್ಪದ ನೀರನ್ನು ದಾಟಿ ಬರಬೇಕು, ಅದಕ್ಕೇ ಅಲ್ಲಿ ಹೆಚ್ಚು ಬಿಳಿ.

ಎದ್ದು ನಿಲ್ಲಲಾಗದ ರೋಗಿಗೆ ಮಲಗಿಸಿಯೇ ಎಕ್ಸ್-ರೇ ತೆಗೆಯುತ್ತಾರಲ್ವಾ, ಅಲ್ಲಿ ಈ ಬಾಗು ಗೆರೆ ಹುಡುಕಿದರೆ ಸಿಗುವುದಿಲ್ಲ. ನೀರು ಬೆನ್ನಿನುದ್ದಕ್ಕೂ ಹರಡಿರುತ್ತದೆ, ಆ ಪಕ್ಕ ಸುಮ್ನೆ ಸ್ವಲ್ಪ ಮಬ್ಬಾಗಿ ಕಾಣುತ್ತದೆ ಅಷ್ಟೆ. ಇನ್ನು ಒಂದಿಡೀ ಪಕ್ಕ ಬೆಳ್ಳಗಿದ್ದರೆ ಗಾಳಿಕೊಳವೆಯನ್ನು ನೋಡಬೇಕು. ಆಚೆಗೆ ತಳ್ಳಲ್ಪಟ್ಟಿದ್ದರೆ ನೀರು. ಬಿಳಿಯ ಕಡೆಗೇ ಎಳೆದುಕೊಂಡಿದ್ದರೆ ಶ್ವಾಸಕೋಶ ಕುಸಿದಿದೆ, ಅಲ್ಲಿ ನೀರೆಂದು ಸೂಜಿ ಚುಚ್ಚಿದರೆ ಅಪಾಯ.

ಅದಕ್ಕೇ ಚುಚ್ಚುವ ಮೊದಲು ಅಲ್ಟ್ರಾಸೌಂಡ್ ಆಗಲೇಬೇಕು ಅಂತ ನಾನು ಹಟ ಹಿಡಿಯುತ್ತೇನೆ. 20 ಮಿಲಿಯಷ್ಟು ನೀರೂ ಅದರಲ್ಲಿ ವಪೆಯ ಮೇಲೆ ಕಪ್ಪು ಪಟ್ಟಿಯಾಗಿ ಕಾಣುತ್ತದೆ. ಒಳಗೆ ಬಲೆಯಂತೆ ಎಳೆಗಳಿದ್ದರೆ ಅವೂ ಕಾಣುತ್ತವೆ, ಆಗ ಒಂದೇ ಸೂಜಿಗೆ ನೀರೆಲ್ಲ ಬರುವುದಿಲ್ಲ ಅಂತ ಮೊದಲೇ ತಿಳಿಯುತ್ತದೆ. ಗುರುತು ಹಾಕಿದ ಜಾಗದಲ್ಲಿ, ಪಕ್ಕೆಲುಬಿನ ಮೇಲಂಚಿಗೆ ತಾಗಿಸಿ ಸೂಜಿ ಹಾಕುತ್ತಾರೆ, ಕೆಳಂಚಿನಲ್ಲಿ ರಕ್ತನಾಳ ಇರುತ್ತದೆ. ಒಂದು ಸಲಕ್ಕೆ ಒಂದೂವರೆ ಲೀಟರಿಗಿಂತ ಹೆಚ್ಚು ತೆಗೆಯದಿರುವುದು ರೂಢಿ. ಎದೆ ಬಿಗಿಯುತ್ತಿದೆ, ಕೆಮ್ಮು ತಡೆಯಲಾಗುತ್ತಿಲ್ಲ ಅಂತ ರೋಗಿ ಹೇಳಿದರೆ ಅದಕ್ಕೂ ಮೊದಲೇ ನಿಲ್ಲಿಸಬೇಕು.

ಆ ಹುಡುಗನ ನೀರು ತಿಳಿಹಳದಿ. ಪ್ರೋಟೀನ್ ರಕ್ತದಲ್ಲಿರುವುದರ ಅರ್ಧಕ್ಕಿಂತ ಹೆಚ್ಚು, ಅಂದರೆ ಪೊರೆಯೇ ಸೋರಿದೆ, ಹೃದಯದ ಒತ್ತಡದ ನೀರಲ್ಲ. ಕಣಗಳಲ್ಲಿ ಹೆಚ್ಚಿನವು ಲಿಂಫೋಸೈಟ್ ಅನ್ನುವ ಬಿಳಿ ರಕ್ತಕಣ, ಎಡಿಎ ಅನ್ನುವ ಪರೀಕ್ಷೆ 40ಕ್ಕಿಂತ ಮೇಲೆ, ಎರಡೂ ಕ್ಷಯದ ಕಡೆಗೇ ಬೆರಳು ತೋರಿಸುತ್ತವೆ. ಕಫದಲ್ಲಿ ಏನೂ ಸಿಗಲಿಲ್ಲ, ಈ ಬಗೆಯ ಕ್ಷಯದಲ್ಲಿ ಸಿಗದಿರುವುದೇ ಹೆಚ್ಚು. ಎಲ್ಲ ಸೇರಿಸಿ ನೋಡಿ ಆರು ತಿಂಗಳ ಕ್ಷಯದ ಔಷಧಿ ಶುರುವಾಯಿತು.

ಔಷಧಿ ಮುಗಿದ ಮೇಲೂ ಎಕ್ಸ್-ರೇಯಲ್ಲಿ ಆ ಮೂಲೆ ಮೊಂಡಾಗಿಯೇ ಉಳಿಯಬಹುದು. ಅದು ಪೊರೆ ದಪ್ಪಗಾಗಿ ಅಂಟಿಕೊಂಡ ಕಲೆ. ಮುಂದೆ ಯಾರಾದರೂ ಅದನ್ನು ನೋಡಿ ಮತ್ತೆ ನೀರು ಬಂದಿದೆ ಅಂದರೆ ಹಳೆಯ ಫಿಲ್ಮನ್ನು ಪಕ್ಕದಲ್ಲಿಟ್ಟು ಹೋಲಿಸಲು ಕೇಳಿ, ಅನುಮಾನ ಉಳಿದರೆ ಅಲ್ಟ್ರಾಸೌಂಡ್ ಮಾಡಿಸಿ. ಹಳೆಯ ಫಿಲ್ಮನ್ನು ಮಾತ್ರ ಎಸೆಯಬೇಡಿ.